ಚಿಮಣಿಯ ಹೊಗೆ ಯಾವ ಊರಿಗೆ, ಎಷ್ಟು ಹೊತ್ತಿಗೆ ಇಳಿಯುತ್ತದೆ: ಕೈಯಾರೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮೈಸೂರು ಸೀಮೆಯ ಒಂದು ಕೈಗಾರಿಕಾ ಪ್ರದೇಶದ ಪಶ್ಚಿಮಕ್ಕೆ, ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ಒಂದು ಹಳ್ಳಿ. ಜನವರಿಯಲ್ಲಿ ಅಲ್ಲಿಂದ ದೂರು ಬಂದಿತ್ತು. ನಾವು ಉಪಕರಣ ಹೊತ್ತು ಹೋದಾಗ ಮಧ್ಯಾಹ್ನ ಎರಡು ಗಂಟೆ. ಘಾಟಿಲ್ಲ, ಹೊಗೆಯಿಲ್ಲ, ಉಪಕರಣ ತೋರಿಸಿದ್ದೂ ತೀರಾ ಕಡಿಮೆ. ಕೊಟ್ಟಿಗೆಯ ಮುಂದೆ ನಿಂತಿದ್ದ ಹೆಂಗಸೊಬ್ಬರು ನೇರವಾಗಿ ಹೇಳಿದರು: "ಊಟ ಮುಗಿಸ್ಕೊಂಡು ಬಂದ್ರೆ ಏನು ಸಿಗುತ್ತೆ ಸಾರ್? ಬೆಳಗ್ಗೆ ಎಂಟಕ್ಕೆ ಬನ್ನಿ. ಸಗಣಿ ಬಾಚೋ ಹೊತ್ತಿಗೆ ಗಂಟಲು ಹಿಡ್ಕೊಳುತ್ತೆ. ಒಂಬತ್ತಾದ್ರೆ ಏನೂ ಇರಲ್ಲ."

ಮರುದಿನ ಏಳು ಗಂಟೆಗೇ ಹೋಗಿ ನಿಂತೆ. ಮೊದಲ ಮುಕ್ಕಾಲು ಗಂಟೆ ಏನೂ ಇಲ್ಲ. ಚಿಮಣಿಯಿಂದ ಹೊರಟ ಹೊಗೆ ತಲೆಯ ಮೇಲೆ, ಎತ್ತರದಲ್ಲಿ, ಹಾಸಿದ ಪಂಚೆಯಂತೆ ತೆಳ್ಳಗೆ ಹಾದುಹೋಗುತ್ತಿತ್ತು. ಎಂಟರ ಹತ್ತಿರ ಆ ಪಟ್ಟಿ ಕಲಸಿಹೋಯಿತು. ಮೂಗಿಗೆ ಗಂಧಕ ಬಡಿಯಿತು, ಕಣ್ಣುರಿಯಿತು. ಅರ್ಧ ಗಂಟೆಯ ಮೇಲೆ ತಿಳಿಯಾಯಿತು. ಆಕೆ ಹೇಳಿದ ಗಂಟೆ ಕರಾರುವಾಕ್ಕಾಗಿತ್ತು.

ಹೊಗೆ ಎಲ್ಲಿ ಇಳಿಯುತ್ತದೆ ಎಂಬ ಪ್ರಶ್ನೆಗೆ ಚಿಮಣಿಯ ಎತ್ತರ, ಗಾಳಿಯ ದಿಕ್ಕು ಎರಡನ್ನೇ ಹೇಳಿ ಬಿಟ್ಟರೆ ಅರ್ಧ ಉತ್ತರ. ಉಳಿದ ಅರ್ಧ ಗಂಟೆಯಲ್ಲಿದೆ. ಬೆಳಗಿನ ಆ ಘಾಟು ಎಲ್ಲಿಂದ ಬಂತು ಎಂದು ಲೆಕ್ಕದಲ್ಲೇ ಹಿಡಿಯುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪಿಯುಸಿ ಗಣಿತ ಮತ್ತು ಒಂದು ಸ್ಪ್ರೆಡ್‌ಶೀಟ್ ಇದ್ದರೆ ಸಾಕು.

ಹಂತ 1: ಗಂಟೆಗೆ ಎಷ್ಟು ಹೊರಗೆ ಬರುತ್ತಿದೆ?

ಲೆಕ್ಕಕ್ಕೆಂದು ಒಂದು ಮಾಮೂಲಿ ಬಾಯ್ಲರ್ ಇಟ್ಟುಕೊಳ್ಳೋಣ. ಗಂಟೆಗೆ ಸುಮಾರು 6 ಟನ್ ಹಬೆ ಕೊಡುವ, ಗಂಟೆಗೆ 1 ಟನ್ ಕಲ್ಲಿದ್ದಲು ತಿನ್ನುವ ಬಾಯ್ಲರ್. ಕಲ್ಲಿದ್ದಲಿನ ಲ್ಯಾಬ್ ವರದಿಯಲ್ಲಿ ಗಂಧಕ ಶೇ 0.5 ಎಂದಿದೆ. ಅಂದರೆ ಗಂಟೆಗೆ 5 ಕೆಜಿ ಗಂಧಕ. ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆದಾಗ ತೂಕ ಇಮ್ಮಡಿಯಾಗುತ್ತದೆ. ಪರಮಾಣು ತೂಕ 32ರ ಗಂಧಕಕ್ಕೆ 32ರಷ್ಟೇ ಆಮ್ಲಜನಕ ಸೇರುತ್ತದಲ್ಲ, ಅದಕ್ಕೆ. ಹಾಗಾಗಿ ಗಂಟೆಗೆ 10 ಕೆಜಿ ಸಲ್ಫರ್ ಡೈಆಕ್ಸೈಡ್, ಸೆಕೆಂಡಿಗೆ 2.78 ಗ್ರಾಂ. ಗಂಧಕದ ಒಂದಿಷ್ಟು ಬೂದಿಯಲ್ಲೇ ಉಳಿಯುತ್ತದೆ. ಆದರೂ ಎಲ್ಲವೂ ಹೊರಗೆ ಬಂತು ಎಂದೇ ಹಿಡಿಯಿರಿ. ಊರಿನ ಕಡೆ ನಿಂತು ಲೆಕ್ಕ ಹಾಕುವವರಿಗೆ ಅದೇ ಸರಿ.

ಈ ಅಂಕಿಗೆ ಕಾರ್ಖಾನೆಯ ಚಿಮಣಿ ಪರೀಕ್ಷಾ ವರದಿಯನ್ನು ಮಾತ್ರ ನಂಬಬೇಡಿ. ಆ ಪರೀಕ್ಷೆ ನಡೆದ ದಿನ ಬಾಯ್ಲರ್ ಅರ್ಧ ಲೋಡಿನಲ್ಲಿ ಓಡಿರಬಹುದು. ದಿನಕ್ಕೆ ಎಷ್ಟು ಲಾರಿ ಕಲ್ಲಿದ್ದಲು ಒಳಗೆ ಹೋಗುತ್ತದೆ ಎಂಬುದು ಅದಕ್ಕಿಂತ ಗಟ್ಟಿ ಸಾಕ್ಷಿ. ಒಳಹೋದ ಗಂಧಕ ಹೊರಗೆ ಬರಲೇಬೇಕು.

ಹಂತ 2: ನಿಯಮದ ಎತ್ತರ, ಪಕ್ಕದ ಕಟ್ಟಡದ ಎತ್ತರ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಇದು. ಇಲ್ಲಿ Q ಎಂದರೆ ಗಂಟೆಗೆ ಎಷ್ಟು ಕೆಜಿ ಸಲ್ಫರ್ ಡೈಆಕ್ಸೈಡ್ ಎಂಬುದು, H ಎಂದರೆ ಮೀಟರಿನಲ್ಲಿ ಎತ್ತರ:

```
H = 14 × Q^0.3
```

ನಮ್ಮ 10 ಕೆಜಿಗೆ 27.9 ಮೀಟರ್ ಬರುತ್ತದೆ. ಕನಿಷ್ಠ 30 ಮೀಟರ್ ಇರಬೇಕೆಂಬ ಷರತ್ತಿನಿಂದ 30ಕ್ಕೆ ನಿಲ್ಲುತ್ತದೆ. ಇನ್ನು ಮುಂದೆ ನಮ್ಮ ಚಿಮಣಿ 30 ಮೀಟರ್.

ಈ ಸೂತ್ರದಲ್ಲಿ ಊರು ಎಷ್ಟು ದೂರ, ಗಾಳಿ ಹೇಗೆ, ಗುಡ್ಡ ಇದೆಯೇ ಎಂಬುದು ಯಾವುದೂ ಇಲ್ಲ. ಹೊರಬರುವ ಪ್ರಮಾಣ ಒಂದೇ ಇದೆ. ಸೂತ್ರದಷ್ಟು ಎತ್ತರ ಕಟ್ಟಿದ ಮಾತ್ರಕ್ಕೆ ಊರಿಗೆ ಹೊಗೆ ಮುಟ್ಟುವುದಿಲ್ಲ ಎಂದು ಅರ್ಥವಲ್ಲ.

ಪಕ್ಕದ ಕಟ್ಟಡ ನೋಡುವುದು ಹಲವರು ಮರೆಯುವ ಕೆಲಸ. ಗಾಳಿ ಕಟ್ಟಡದ ಮೇಲೆ ಹತ್ತಿ ಹಿಂಬದಿಗೆ ಇಳಿಯುವಾಗ ಸುಳಿಯಾಗುತ್ತದೆ. ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವ ಹಾಗೆ. ಚಿಮಣಿಯ ಬಾಯಿ ಆ ಸುಳಿಯೊಳಗೆ ಬಿದ್ದರೆ ಹೊಗೆ ನೇರ ಕಾಂಪೌಂಡಿಗೇ ಇಳಿಯುತ್ತದೆ, ಮುಂದಿನ ಲೆಕ್ಕವೆಲ್ಲ ದಂಡ. ಕಟ್ಟಡದ ಎತ್ತರಕ್ಕೆ, ಅದರ ಎತ್ತರ ಮತ್ತು ಅಗಲಗಳಲ್ಲಿ ಯಾವುದು ಚಿಕ್ಕದೋ ಅದರ ಒಂದೂವರೆ ಪಟ್ಟು ಕೂಡಿಸಿ. ಚಿಮಣಿ ಅದಕ್ಕಿಂತ ಎತ್ತರ ಇದ್ದರೆ ಸುಳಿಯ ಕಾಟವಿಲ್ಲ. ಬಾಯ್ಲರ್ ಶೆಡ್ 12 ಮೀಟರ್ ಎತ್ತರವಿದ್ದು ಅದಕ್ಕಿಂತ ಅಗಲವಾಗಿದ್ದರೆ 12ಕ್ಕೆ 18 ಸೇರಿ ಸರಿಯಾಗಿ 30. ನಮ್ಮದು ಅಂಚಿನಲ್ಲಿ ಪಾಸಾಯಿತು. ಮುಂದಿನ ವರ್ಷ ಮಾಲೀಕರು ಪಕ್ಕದಲ್ಲೇ 14 ಮೀಟರಿನ ಗೋದಾಮು ಎಬ್ಬಿಸಿದರೆ ಬೇಕಾಗುವುದು 35. ಚಿಮಣಿ ಕದಲಿಲ್ಲ, ಬಾಯ್ಲರ್ ಬದಲಾಗಿಲ್ಲ, ಆದರೂ ಹೊಗೆ ಅಂಗಳಕ್ಕೆ ಇಳಿಯತೊಡಗುತ್ತದೆ. ಇಂಥ ದೂರು ಬಂದಾಗ ಮೊದಲು ಹೊಸ ಕಟ್ಟಡ ಯಾವುದು ಎಂದು ಕೇಳಬೇಕು.

ಚಿಮಣಿಯ ತುದಿಯನ್ನೂ ನೋಡಿ. ಮಳೆ ನೀರು ಒಳಗೆ ಬೀಳದಿರಲೆಂದು ತಗಡಿನ ಟೋಪಿ ಹಾಕಿದ್ದರೆ ಹೊಗೆಯ ಮೇಲ್ಮುಖ ವೇಗ ಅಲ್ಲೇ ಸಾಯುತ್ತದೆ.

ಹಂತ 3: ಹೊಗೆ ತಾನಾಗಿ ಎಷ್ಟು ಏರುತ್ತದೆ?

ಬಿಸಿ ಹೊಗೆ ಬಾಯಿ ಬಿಟ್ಟ ಮೇಲೂ ಸ್ವಲ್ಪ ಏರಿ ಆಮೇಲೆ ಅಡ್ಡ ತಿರುಗುತ್ತದೆ. ಆ ಏರಿಕೆಯನ್ನು ಚಿಮಣಿಯ ಎತ್ತರಕ್ಕೆ ಕೂಡಿಸಿದರೆ ಲೆಕ್ಕಕ್ಕೆ ಬೇಕಾದ ಎತ್ತರ ಸಿಗುತ್ತದೆ. ಸಣ್ಣ ಚಿಮಣಿಗೆ ಹಾಲೆಂಡ್ ಸೂತ್ರ ಸಾಕು:

```
Δh = (Vs × d / u) × (1.5 + 0.00268 × P × d × (Ts − Ta) / Ts)
```

Vs ಎಂದರೆ ಹೊಗೆ ಹೊರಡುವ ವೇಗ, d ಚಿಮಣಿ ಬಾಯಿಯ ವ್ಯಾಸ, u ಆ ಎತ್ತರದಲ್ಲಿ ಗಾಳಿಯ ವೇಗ, P ಮಿಲಿಬಾರಿನಲ್ಲಿ ವಾಯು ಒತ್ತಡ, Ts ಮತ್ತು Ta ಹೊಗೆ ಹಾಗೂ ಹೊರಗಾಳಿಯ ಉಷ್ಣತೆ. ಉಷ್ಣತೆಗಳಿಗೆ 273 ಕೂಡಿಸಿ ಕೆಲ್ವಿನ್ ಮಾಡಿಕೊಳ್ಳಿ.

ನಮ್ಮ ಚಿಮಣಿಯ ಬಾಯಿ 0.7 ಮೀಟರ್, ವೇಗ ಸೆಕೆಂಡಿಗೆ 9 ಮೀಟರ್, ಹೊಗೆ 150 ಡಿಗ್ರಿ, ಹೊರಗೆ 30 ಡಿಗ್ರಿ, ಒತ್ತಡ ನಮ್ಮ ಬಯಲುಸೀಮೆಯ ಎತ್ತರಕ್ಕೆ 930. ಆವರಣದೊಳಗಿನದು ಹೆಚ್ಚುಕಡಿಮೆ 2 ಬರುತ್ತದೆ. ಹಾಗಾಗಿ ಏರಿಕೆ ಎಂದರೆ 12.6 ಅನ್ನು ಗಾಳಿಯ ವೇಗದಿಂದ ಭಾಗಿಸಿದಷ್ಟು. ಗಾಳಿ 3 ಮೀಟರ್ ಇದ್ದರೆ ಏರಿಕೆ 4 ಮೀಟರ್. ಇಷ್ಟೇ. ದೊಡ್ಡ ಉಷ್ಣ ವಿದ್ಯುತ್ ಸ್ಥಾವರದ ಹೊಗೆ ನೂರಾರು ಮೀಟರ್ ಏರುವುದನ್ನು ನೋಡಿ ಸಣ್ಣ ಬಾಯ್ಲರಿನದೂ ಹಾಗೆ ಏರುತ್ತದೆ ಅಂದುಕೊಳ್ಳುವಂತಿಲ್ಲ. ಏರಿಸುವುದು ಹೊಗೆಯೊಳಗಿನ ಒಟ್ಟು ಶಾಖ. ಸಣ್ಣ ಬಾಯ್ಲರಿನಲ್ಲಿ ಅದು ಅಲ್ಪ.

ಹೊರಡುವ ವೇಗ ಗಾಳಿಯ ವೇಗದ ಒಂದೂವರೆ ಪಟ್ಟಿಗಿಂತ ಕಡಿಮೆಯಾದರೆ ಹೊಗೆ ಚಿಮಣಿಯ ಬೆನ್ನಿಗೇ ಅಂಟಿ ಕೆಳಗೆ ಎಳೆಯಲ್ಪಡುತ್ತದೆ. ನಮ್ಮ 9 ಮೀಟರ್ ವೇಗಕ್ಕೆ ಆ ಮಿತಿ 6 ಮೀಟರ್ ಗಾಳಿ. ಚಿಮಣಿಯ ಮೇಲ್ಭಾಗದ ಹೊರಮೈ ಒಂದೇ ಬದಿಯಲ್ಲಿ ಕಪ್ಪಾಗಿದ್ದರೆ ಇದು ನಡೆಯುತ್ತಿದೆ ಎಂದೇ ಗುರುತು.

ಹಂತ 4: ಗಾಳಿ

ಹವಾಮಾನದ ಭಾಷೆಯಲ್ಲಿ ಗಾಳಿಗೆ ಅದು ಬರುವ ದಿಕ್ಕಿನ ಹೆಸರು. ನೈಋತ್ಯ ಮಾರುತ ಎಂದರೆ ನೈಋತ್ಯದಿಂದ ಬಂದು ಈಶಾನ್ಯಕ್ಕೆ ಹೋಗುವುದು. ವಿಂಡ್ ರೋಸ್ ಎಂಬ ಗಾಳಿಯ ಚಕ್ರದ ಚಿತ್ರದಲ್ಲಿ ಉದ್ದದ ಎಸಳು ಯಾವ ಕಡೆ ಚಾಚಿದೆಯೋ ಗಾಳಿ ಬರುವುದು ಆ ಕಡೆಯಿಂದ. ಹೊಗೆ ಬೀಳುವುದು ಅದರ ಎದುರು ಬದಿಗೆ. ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಇದನ್ನು ತಿರುಗಾಮುರುಗಾ ಓದಿ ಬೇರೆ ಊರಿನವರು ಗಾಬರಿಯಾಗುವುದನ್ನು, ನಿಜವಾಗಿ ಹೊಗೆ ಕುಡಿಯಬೇಕಾದ ಊರಿನವರು ನಿಶ್ಚಿಂತರಾಗಿ ಕೂರುವುದನ್ನು ನೋಡಿದ್ದೇನೆ.

ದಕ್ಷಿಣ ಒಳನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಪಶ್ಚಿಮ, ನೈಋತ್ಯದಿಂದ. ಡಿಸೆಂಬರ್, ಜನವರಿಯಲ್ಲಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಒಂದೇ ಚಿಮಣಿ ಮಳೆಗಾಲದಲ್ಲಿ ಪೂರ್ವದ ಊರಿನದು, ಚಳಿಗಾಲದಲ್ಲಿ ಪಶ್ಚಿಮದ ಊರಿನದು. ಮಳೆಗಾಲದ ಗಾಳಿ ಜೋರು, ಮಳೆಯೂ ತೊಳೆಯುತ್ತದೆ. ಚಳಿಗಾಲದ್ದು ಮಂದ. ಹಾಗಾಗಿ ಪಶ್ಚಿಮದವರ ಪಾಲಿಗೆ ಬರುವುದೇ ಕೆಟ್ಟ ಪಾಲು. ಪರಿಸರ ಪರಿಣಾಮ ವರದಿಗೆ ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತುವಿನ, ಮೂರು ತಿಂಗಳ ಅಳತೆ ತೆಗೆಯುತ್ತಾರೆ. ಅದು ಮಾರ್ಚ್‌ನಿಂದ ಮೇ ತನಕದ್ದಾಗಿದ್ದರೆ ಜನವರಿ ಬೆಳಗಿನ ಗಾಳಿ ಆ ಚಿತ್ರದಲ್ಲಿ ಇರುವುದೇ ಇಲ್ಲ. ವರದಿ ಕೈಗೆ ಬಂದರೆ ಮೊದಲು ತಿಂಗಳು ನೋಡಿ.

ಗಾಳಿಯ ವೇಗ ಅಳೆಯುವುದು ನೆಲದಿಂದ 10 ಮೀಟರಿನಲ್ಲಿ. ನಮಗೆ ಬೇಕಿರುವುದು 30 ಮೀಟರಿನದು:

```
u30 = u10 × (30/10)^p
```

ಬಯಲು ನೆಲಕ್ಕೆ p ಬಿಸಿಲಿನ ಹೊತ್ತಿನಲ್ಲಿ 0.07, ಮೋಡದ ದಿನ 0.15, ತಿಳಿ ರಾತ್ರಿಯಲ್ಲಿ 0.55. ಹಗಲು ಗಾಳಿ ಮೇಲೆ ಕೆಳಗೆ ಕಲಸಿ ಎಲ್ಲ ಎತ್ತರದಲ್ಲೂ ಒಂದೇ ಆಗಿರುತ್ತದೆ. ರಾತ್ರಿ ನೆಲದ ಹತ್ತಿರ ಎಲೆ ಅಲುಗದಿದ್ದರೂ ಚಿಮಣಿಯ ತುದಿಯಲ್ಲಿ ಗಾಳಿ ಇರುತ್ತದೆ.

ಹಂತ 5: ಗಾಳಿ ಕಲಸುತ್ತಿದೆಯೋ, ಪದರಪದರವಾಗಿ ಮಲಗಿದೆಯೋ?

ಚಳಿಗಾಲದ ಮುಂಜಾನೆ ಹಳ್ಳಿಯ ಒಲೆಗಳ ಹೊಗೆ ಮಾಡಿನಿಂದ ಸ್ವಲ್ಪವೇ ಮೇಲೆ ಹಾಸಿದ ಹಾಗೆ ನಿಲ್ಲುವುದನ್ನು ನೀವು ಕಂಡಿರುತ್ತೀರಿ. ರಾತ್ರಿಯಿಡೀ ನೆಲ ತಣ್ಣಗಾಗಿ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಮಲಗಿದೆ, ಮೇಲೆ ಬೆಚ್ಚನೆಯ ಹಗುರ ಗಾಳಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ ಇದ್ದರೆ ಕಲಸಲು ಯಾರೂ ಇಲ್ಲ. ಇದಕ್ಕೆ ಇನ್ವರ್ಷನ್ ಅನ್ನುತ್ತಾರೆ. ಬಿಸಿಲೇರಿದ ಮೇಲೆ ನೆಲ ಕಾದು, ಕೆಳಗಿನ ಗಾಳಿ ಹಗುರಾಗಿ ಗುಳ್ಳೆಯಂತೆ ಏಳುತ್ತದೆ, ಮೇಲಿನದು ಇಳಿಯುತ್ತದೆ. ಅನ್ನದ ಎಸರು ಕುದಿಯುವ ಹಾಗೆ ಎಲ್ಲ ಕಲಸುತ್ತದೆ.

ಪಾಸ್ಕ್ವಿಲ್ ಎಂಬ ಬ್ರಿಟಿಷ್ ಹವಾಮಾನ ವಿಜ್ಞಾನಿ ಇದನ್ನು ಎ ಇಂದ ಎಫ್ ತನಕ ಆರು ದರ್ಜೆಯಾಗಿ ವಿಂಗಡಿಸಿದರು. ಗಾಳಿಯ ವೇಗ, ಬಿಸಿಲಿನ ತೀಕ್ಷ್ಣತೆ, ರಾತ್ರಿಯಾದರೆ ಮೋಡದ ಪ್ರಮಾಣ, ಇಷ್ಟರಿಂದಲೇ ದರ್ಜೆ ಗೊತ್ತುಮಾಡಬಹುದು. ನಾವು ಮೂರನ್ನೇ ತೆಗೆದುಕೊಳ್ಳೋಣ: ಚುರುಕು ಬಿಸಿಲು, 3 ಮೀಟರ್ ಗಾಳಿ ಎಂದರೆ ಬಿ, ಮೋಡ ಕವಿದ ದಿನ, 5 ಮೀಟರ್ ಗಾಳಿ ಎಂದರೆ ಡಿ, ತಿಳಿ ಆಕಾಶದ ರಾತ್ರಿ, 2 ಮೀಟರ್ ಗಾಳಿ ಎಂದರೆ ಎಫ್.

ದೂರ ಹೋದಂತೆ ಹೊಗೆಯ ಬಾಲ ಅಡ್ಡಕ್ಕೆ ಎಷ್ಟು, ಮೇಲೆ ಕೆಳಗೆ ಎಷ್ಟು ಹರಡುತ್ತದೆ ಎಂಬುದನ್ನು ಹೇಳುವ ಸಂಖ್ಯೆಗಳು σy ಮತ್ತು σz. ಬಯಲು ನೆಲಕ್ಕೆ ಬ್ರಿಗ್ಸ್ ಎಂಬ ವಿಜ್ಞಾನಿ ಕೊಟ್ಟವು ಇವು. x ಎಂದರೆ ಚಿಮಣಿಯಿಂದ ಮೀಟರಿನಲ್ಲಿ ದೂರ:

```
B: σy = 0.16x / √(1+0.0001x)   σz = 0.12x
D: σy = 0.08x / √(1+0.0001x)   σz = 0.06x / √(1+0.0015x)
F: σy = 0.04x / √(1+0.0001x)   σz = 0.016x / (1+0.0003x)
```

ಒಂದು ಕಿಲೋಮೀಟರಿನಲ್ಲಿ σz ನೋಡಿ. ಮಧ್ಯಾಹ್ನ 120 ಮೀಟರ್, ರಾತ್ರಿ 12. ಹತ್ತು ಪಟ್ಟು ವ್ಯತ್ಯಾಸ. ಚಿಮಣಿಯ ಎತ್ತರದಿಂದ ಇಂಥ ವ್ಯತ್ಯಾಸ ಯಾರೂ ತರಲಾರರು.

ಹಂತ 6: ಲೆಕ್ಕ

ಗಾಳಿಯ ದಿಕ್ಕಿನ ನಡುಗೆರೆಯಲ್ಲಿ, ನೆಲದ ಮಟ್ಟದಲ್ಲಿ ಸಾಂದ್ರತೆ ಇದು. ಇಲ್ಲಿ Q ಎಂದರೆ ಸೆಕೆಂಡಿಗೆ ಎಷ್ಟು ಗ್ರಾಂ ಎಂಬುದು, H ಎಂದರೆ ಏರಿಕೆ ಸೇರಿದ ಎತ್ತರ:

```
C = Q / (π × u × σy × σz) × exp(−H² / (2σz²))
```

ಸ್ಪ್ರೆಡ್‌ಶೀಟಿನಲ್ಲಿ B1ರಲ್ಲಿ ಸೆಕೆಂಡಿಗೆ ಗ್ರಾಂ, B2ರಲ್ಲಿ ಗಾಳಿ, B3ರಲ್ಲಿ ಏರಿಕೆ ಸೇರಿದ ಎತ್ತರ ಬರೆಯಿರಿ. A6ರಿಂದ ಕೆಳಗೆ ದೂರಗಳು, B ಕಾಲಮ್ಮಿನಲ್ಲಿ σy, C ಕಾಲಮ್ಮಿನಲ್ಲಿ σz. D6ರಲ್ಲಿ ಇದನ್ನು ಹಾಕಿ ಕೆಳಗೆ ಎಳೆದರೆ ಉತ್ತರ ಘನಮೀಟರಿಗೆ ಮೈಕ್ರೋಗ್ರಾಂನಲ್ಲಿ ಬರುತ್ತದೆ:

```
=$B$1/(PI()*$B$2*B6*C6)*EXP(-($B$3^2)/(2*C6^2))*1000000
```

ಮಧ್ಯಾಹ್ನಕ್ಕೆ 30 ಮೀಟರಿನಲ್ಲಿ ಗಾಳಿ 3.24, ಎತ್ತರ 34. ಮೋಡದ ದಿನಕ್ಕೆ 5.9 ಮತ್ತು 32. ರಾತ್ರಿಗೆ 3.66 ಮತ್ತು 33. ಬಂದ ಉತ್ತರ:

| ದೂರ (ಮೀಟರ್) | ಬಿಸಿಲ ಮಧ್ಯಾಹ್ನ | ಮೋಡದ ದಿನ | ತಿಳಿ ರಾತ್ರಿ |
|---|---|---|---|
| 200 | 132 | 9 | 0 |
| 500 | 50 | 63 | 0 |
| 1000 | 14 | 36 | 14 |
| 2000 | 4 | 15 | 42 |

ಸಾಲುಗಳನ್ನು ನಿಧಾನವಾಗಿ ಓದಿ. ಮಧ್ಯಾಹ್ನ ಅತಿ ಹೆಚ್ಚು ಬೀಳುವುದು ಚಿಮಣಿಯಿಂದ 200 ಮೀಟರಿಗೆ, ಅಂದರೆ ಕಾಂಪೌಂಡಿನ ಆಚೆಗಿರುವ ಕಾರ್ಮಿಕರ ವಠಾರಕ್ಕೆ. ಮೋಡದ ದಿನ ಆ ಜಾಗ 460 ಮೀಟರಿನ ಆಸುಪಾಸಿಗೆ ಸರಿಯುತ್ತದೆ. ರಾತ್ರಿಯಾದರೆ ಎರಡು ಕಿಲೋಮೀಟರ್ ದಾಟುತ್ತದೆ. ಕಾರ್ಖಾನೆಯ ಗೇಟಿನ ಮುಂದೆ ಚಹಾ ಕುಡಿಯುತ್ತಾ ನಿಂತವರಿಗೆ ಸೊನ್ನೆ. "ಪಕ್ಕದಲ್ಲೇ ಇರೋರಿಗೆ ಇಲ್ಲದ್ದು ನಿಮಗೆ ಹೇಗೆ?" ಎಂದು ದೂರದ ಊರಿನವರ ಬಾಯಿ ಮುಚ್ಚಿಸುವವರು ಈ ಕೊನೆಯ ಕಾಲಮ್ಮನ್ನು ನೋಡಬೇಕು.

ಆದರೂ ನಮ್ಮ ಹಳ್ಳಿ ಇರುವ ಒಂದು ಕಿಲೋಮೀಟರಿನಲ್ಲಿ ರಾತ್ರಿ 14, ಮಧ್ಯಾಹ್ನವೂ 14. ಗಂಟಲು ಹಿಡಿಯುವಷ್ಟು ಅಲ್ಲ. ಹಾಗಾದರೆ ಎಂಟು ಗಂಟೆಯ ಘಾಟು?

ಹಂತ 7: ಎಂಟು ಗಂಟೆ

ರಾತ್ರಿಯಿಡೀ ಹೊರಬಿದ್ದ ಹೊಗೆ 33 ಮೀಟರಿನ ಆಸುಪಾಸಿನಲ್ಲಿ ತೆಳು ಪಟ್ಟಿಯಾಗಿ, ಹೆಚ್ಚು ಕಲಸದೆ, ದಟ್ಟವಾಗಿಯೇ ಊರಿನ ಮೇಲೆ ಹಾದುಹೋಗುತ್ತಿದೆ. ಸೂರ್ಯ ಹುಟ್ಟಿ ನೆಲ ಕಾಯತೊಡಗುತ್ತದೆ. ಕಲಸುವ ಪದರ ನೆಲದಿಂದ ಮೇಲಕ್ಕೆ ಬೆಳೆಯುತ್ತದೆ: ಹತ್ತು ಮೀಟರ್, ಇಪ್ಪತ್ತು ಮೀಟರ್. ಅದು ಹೊಗೆಯ ಪಟ್ಟಿಯನ್ನು ಮುಟ್ಟಿದ ಗಳಿಗೆಯಲ್ಲಿ ಮೇಲಿದ್ದದ್ದನ್ನೆಲ್ಲ ಕೆಳಗೆ ಎಳೆಯುತ್ತದೆ. ಅದಕ್ಕಿಂತ ಮೇಲೆ ಇನ್ವರ್ಷನ್ನಿನ ಮುಚ್ಚಳ ಇನ್ನೂ ಇರುವುದರಿಂದ ಹೊಗೆಗೆ ಮೇಲೆ ಹೋಗಲು ದಾರಿಯಿಲ್ಲ, ಇಳಿಯಲಷ್ಟೇ ದಾರಿ. ಇದನ್ನು ಫ್ಯೂಮಿಗೇಶನ್ ಅನ್ನುತ್ತಾರೆ, ಧೂಪ ಹಾಕಿದ ಹಾಗೆ. ಪದರ ಇನ್ನೂ ಬೆಳೆದು ಮುಚ್ಚಳ ಒಡೆದ ಮೇಲೆ ಎಲ್ಲ ತೆಳುವಾಗಿ ಹೋಗುತ್ತದೆ.

ಇದಕ್ಕೆ ಸೂತ್ರ ಬೇರೆ. ಹೊಗೆ ನೆಲದಿಂದ ಪಟ್ಟಿಯ ಮೇಲಂಚಿನ ತನಕ ಸಮನಾಗಿ ಕಲಸಿದೆ ಎಂದು ಹಿಡಿಯುತ್ತೇವೆ:

```
C = Q / (√(2π) × u × (σy + H/8) × (H + 2σz))
```

ಒಂದು ಕಿಲೋಮೀಟರಿನಲ್ಲಿ ರಾತ್ರಿಯ σy 38, σz 12.3. ಅಗಲ 42, ಎತ್ತರ 58 ಮೀಟರ್ ಆಗುತ್ತದೆ. ಉತ್ತರ 125 ಮೈಕ್ರೋಗ್ರಾಂ. ಅರ್ಧ ಗಂಟೆಯ ಹಿಂದೆ 14 ಇದ್ದದ್ದು ಒಂಬತ್ತು ಪಟ್ಟಾಯಿತು. ಕಾರ್ಖಾನೆ ಹೆಚ್ಚುವರಿ ಒಂದು ಕೆಜಿಯನ್ನೂ ಬಿಟ್ಟಿಲ್ಲ.

ಇದು ಮೊದಲು ವಿಜ್ಞಾನಿಗಳ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು ಕೆನಡಾದ ಟ್ರೇಲ್ ಎಂಬಲ್ಲಿ. ಕೊಲಂಬಿಯಾ ನದಿಯ ಕಣಿವೆಯಲ್ಲಿ ಸೀಸ, ಸತು ಕರಗಿಸುವ ಕಾರ್ಖಾನೆಗೆ 400 ಅಡಿಗೂ ಎತ್ತರದ ಚಿಮಣಿಗಳಿದ್ದವು. ಅದರ ಹೊಗೆಯಿಂದ ಗಡಿಯಾಚೆ ಅಮೆರಿಕದ ರೈತರ ಬೆಳೆ ಹಾಳಾಗಿ, ವ್ಯಾಜ್ಯ ಎರಡು ದೇಶಗಳ ನಡುವಿನ ನ್ಯಾಯಮಂಡಳಿಗೆ ಹೋಗಿ, 1938 ಮತ್ತು 1941ರಲ್ಲಿ ತೀರ್ಪು ಬಂತು. ತನಿಖೆಗೆ ಕಣಿವೆಯುದ್ದಕ್ಕೂ ಅಳತೆ ಯಂತ್ರಗಳನ್ನಿಟ್ಟಾಗ ವಿಚಿತ್ರ ಕಂಡಿತು. ಒಂದಕ್ಕೊಂದು ಬಹಳ ದೂರವಿದ್ದ ಯಂತ್ರಗಳಲ್ಲಿ ಬೆಳಗ್ಗೆ ಗಂಧಕದ ಅನಿಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏರುತ್ತಿತ್ತು. ಹೊಗೆ ಆಗಷ್ಟೇ ಚಿಮಣಿಯಿಂದ ಹರಿದು ಬಂದಿದ್ದರೆ ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಏರಬೇಕಿತ್ತು. ರಾತ್ರಿಯೇ ಕಣಿವೆಯುದ್ದಕ್ಕೂ ಮೇಲೆ ಹಾಸಿಕೊಂಡಿದ್ದ ಹೊಗೆ ಬಿಸಿಲಿಗೆ ಒಟ್ಟಿಗೆ ಇಳಿಯುತ್ತಿತ್ತು. ಇಂಥ ಹೊಗೆ ನಿಮ್ಮ ಕಡೆ ಇದೆಯೇ ಎಂದು ತಿಳಿಯಲೂ ಇದೇ ಗುರುತು: ಸಾಲಿನಲ್ಲಿರುವ ಎರಡು ಊರಿನವರಿಗೆ ಘಾಟು ಒಂದೇ ಗಂಟೆಗೆ ಬರುತ್ತದೆಯೇ ಎಂದು ಕೇಳಿ.

ಮಾಮೂಲಿ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟದಲ್ಲಿ ಸಲ್ಫರ್ ಡೈಆಕ್ಸೈಡಿಗೆ 24 ಗಂಟೆಯ ಸರಾಸರಿ ಮಿತಿ 80 ಮೈಕ್ರೋಗ್ರಾಂ, ವರ್ಷದ ಸರಾಸರಿ 50. ಗಂಟೆಯ ಮಿತಿ ಇಲ್ಲ. ಅರ್ಧ ಗಂಟೆ 125 ಇದ್ದರೆ 24 ಗಂಟೆಯ ಸರಾಸರಿಗೆ ಅದು ಸೇರಿಸುವುದು 2.6. ವರದಿಯಲ್ಲಿ "ಮಿತಿಯೊಳಗಿದೆ" ಎಂದು ಬರುತ್ತದೆ, ಅದು ಸುಳ್ಳೂ ಅಲ್ಲ. ಆಕೆಯ ಗಂಟಲು ಉರಿದದ್ದೂ ಸುಳ್ಳಲ್ಲ.

ಹಂತ 8: ಚಿಮಣಿ ಎತ್ತರಿಸಿದರೆ?

ಸ್ಪ್ರೆಡ್‌ಶೀಟಿನಲ್ಲಿ ಚಿಮಣಿಯನ್ನು 60 ಮೀಟರ್ ಮಾಡಿ ನೋಡಿ. ಮಧ್ಯಾಹ್ನದ ಶಿಖರ 132ರಿಂದ ಸುಮಾರು 36ಕ್ಕೆ ಇಳಿಯುತ್ತದೆ, ಜಾಗ 200ರಿಂದ 380 ಮೀಟರಿಗೆ ಸರಿಯುತ್ತದೆ. ಎತ್ತರ ಇಮ್ಮಡಿಯಾದರೆ ಶಿಖರ ಹೆಚ್ಚುಕಡಿಮೆ ಕಾಲುಭಾಗ. ವಠಾರದವರಿಗೆ ಇದು ನಿಜವಾದ ಪರಿಹಾರ. ಆದರೆ ಮೋಡದ ದಿನ ಹತ್ತು ಕಿಲೋಮೀಟರ್ ಆಚೆ ನೋಡಿದರೆ 30 ಮೀಟರಿನ ಚಿಮಣಿಗೂ 60ರದಕ್ಕೂ ಅಂತರ ಅಲ್ಪ, ಏಕೆಂದರೆ ಅಷ್ಟು ಹೊತ್ತಿಗೆ ಹೊಗೆ ನೂರಾರು ಮೀಟರ್ ಎತ್ತರಕ್ಕೆ ಕಲಸಿಹೋಗಿರುತ್ತದೆ. ಗಂಟೆಗೆ ಬಂದದ್ದು 10 ಕೆಜಿ, ಎಲ್ಲೋ ಇಳಿಯುವುದೂ 10 ಕೆಜಿಯೇ.

ಕೆನಡಾದ ಸಡ್ಬರಿಯಲ್ಲಿ ನಿಕ್ಕಲ್ ಕರಗಿಸುವ ಕಾರ್ಖಾನೆಗೆ 1970ರ ದಶಕದ ಆರಂಭದಲ್ಲಿ 381 ಮೀಟರಿನ ಚಿಮಣಿ ಎಬ್ಬಿಸಿದರು. ಊರಿನ ಗಾಳಿ ಸುಧಾರಿಸಿತು, ಗಂಧಕ ದೂರದ ಕೆರೆ ಕಾಡುಗಳಿಗೆ ಆಮ್ಲ ಮಳೆಯಾಗಿ ಹೋಯಿತು. ದೂರದವರ ಹೊರೆ ಇಳಿದದ್ದು ಮುಂದೆ ಗಂಧಕವನ್ನೇ ಹಿಡಿದಿಡುವ ವ್ಯವಸ್ಥೆ ಬಂದ ಮೇಲೆ. ಹಾಗಾಗಿ ಎತ್ತರ ಕೇಳುವಾಗ ಕಡಿಮೆ ಗಂಧಕದ ಇಂಧನ ಅಥವಾ ಹೊಗೆಯನ್ನು ತೊಳೆದು ಗಂಧಕ ಹಿಡಿಯುವ ಸ್ಕ್ರಬ್ಬರನ್ನೂ ಕೇಳಬೇಕು. Q ಅರ್ಧವಾದರೆ ಮೇಲಿನ ಪಟ್ಟಿಯ ಪ್ರತಿ ಅಂಕಿಯೂ, ಬೆಳಗಿನ 125 ಕೂಡ, ಅರ್ಧವಾಗುತ್ತದೆ. ಎತ್ತರಕ್ಕೆ ಆ ಶಕ್ತಿಯಿಲ್ಲ.

ಹಂತ 9: ಕಣ್ಣಿಗೆ ಕಾಣುವ ಬೂದಿ

ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯ ಮೇಲೆ, ತುಳಸಿ ಎಲೆಯ ಮೇಲೆ ಬೀಳುವ ಕಪ್ಪು ಕಣ ಅನಿಲದ ಸೂತ್ರ ಕೇಳುವುದಿಲ್ಲ. ಅದು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಎತ್ತರವನ್ನು ಬೀಳುವ ವೇಗದಿಂದ ಭಾಗಿಸಿ ಗಾಳಿಯ ವೇಗದಿಂದ ಗುಣಿಸಿದರೆ ದೂರ ಬರುತ್ತದೆ. ನೂರು ಮೈಕ್ರಾನಿನ ಬೂದಿ ಕಣ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಬೀಳುತ್ತದೆ. 34 ಮೀಟರಿನಿಂದ ಹೊರಟರೆ 220 ಮೀಟರಿಗೆ ನೆಲ ಮುಟ್ಟುತ್ತದೆ. ಐವತ್ತು ಮೈಕ್ರಾನಿನದು 700 ಮೀಟರ್ ದಾಟುತ್ತದೆ. ಹತ್ತು ಮೈಕ್ರಾನಿನದು ಸೆಕೆಂಡಿಗೆ ಅರ್ಧ ಸೆಂಟಿಮೀಟರಿಗಿಂತ ತುಸುವೇ ಹೆಚ್ಚು ಬೀಳುವುದರಿಂದ ಲೆಕ್ಕಕ್ಕೆ 18 ಕಿಲೋಮೀಟರ್ ಬರುತ್ತದೆ, ಅಂದರೆ ಅದು ಅನಿಲದಂತೆಯೇ ತೇಲುತ್ತದೆ.

ಆದ್ದರಿಂದ ಬೆರಳಿಗೆ ಒರಟಾಗಿ ತಾಗುವ ಕಣ ಒಂದು ಕಿಲೋಮೀಟರಿನೊಳಗಿನ ಚಿಮಣಿಯದು ಎನ್ನಬಹುದು. ಅದು ಒಮ್ಮೆಲೇ ಹೆಚ್ಚಾದರೆ ಬೂದಿ ಹಿಡಿಯುವ ಸೈಕ್ಲೋನ್ ಯಂತ್ರ ಅಥವಾ ಬ್ಯಾಗ್ ಫಿಲ್ಟರ್ ಕೆಟ್ಟಿದೆ, ಇಲ್ಲವೇ ರಾತ್ರಿ ಅದನ್ನು ಬೈಪಾಸ್ ಮಾಡಿ ಓಡಿಸುತ್ತಿದ್ದಾರೆ ಎಂದು ಶಂಕಿಸಲು ಕಾರಣವಿದೆ. ಮಾಳಿಗೆ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಶ್ವಾಸಕೋಶಕ್ಕೆ ಇಳಿಯುವ ಸಣ್ಣ ಕಣ ಇಲ್ಲ ಎಂದಲ್ಲ.

ಹಂತ 10: ಲೆಕ್ಕ ಎಲ್ಲಿ ಕೈಕೊಡುತ್ತದೆ, ಹೊಲದಲ್ಲಿ ಹೇಗೆ ಪರೀಕ್ಷಿಸುವುದು

ಗಾಳಿಯ ವೇಗ ಛೇದದಲ್ಲಿದೆ. ಗಾಳಿ ನಿಂತರೆ ಸೂತ್ರ ಅನಂತಕ್ಕೆ ಓಡುತ್ತದೆ, ಹಾಗಾಗಿ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ಗಾಳಿಗೆ ಇದನ್ನು ಬಳಸಬೇಡಿ. ಅಂಥ ಹೊತ್ತಿನಲ್ಲಿ ತಣ್ಣನೆ ಗಾಳಿ ನೀರಿನ ಹಾಗೆ ಹಳ್ಳದ ಇಳಿಜಾರು ಹಿಡಿಯುತ್ತದೆ, ತಗ್ಗಿನಲ್ಲಿರುವ ಹೊಗೆಯನ್ನೂ ಜೊತೆಗೆ ಒಯ್ಯುತ್ತದೆ. ಚಿಮಣಿಗಿಂತ ಎತ್ತರದ ಗುಡ್ಡ ಎದುರಿದ್ದರೆ ರಾತ್ರಿಯ ಪಟ್ಟಿ ಗುಡ್ಡದ ಮೈಗೆ ನೇರ ಬಡಿಯುತ್ತದೆ. ಕರಾವಳಿಯಲ್ಲಿ ಇನ್ನೊಂದು ತೊಡಕು. ಕಡಲ ಗಾಳಿ ತಂಪಾಗಿ ಪದರಪದರವಾಗಿ ಬಂದು, ಕಾದ ನೆಲದ ಮೇಲೆ ಒಳಗೆ ಸಾಗಿದಂತೆ ಕಲಸತೊಡಗುತ್ತದೆ. ದಡದ ಎತ್ತರದ ಚಿಮಣಿಯ ಹೊಗೆ ಒಳನಾಡಿನ ಒಂದು ಜಾಗದಲ್ಲಿ ಗಂಟೆಗಟ್ಟಲೆ ಇಳಿಯಬಹುದು. ಈ ಮೂರಕ್ಕೂ ಏರ್‌ಮಾಡ್‌ನಂಥ ತಂತ್ರಾಂಶ ಅಥವಾ ಅದಕ್ಕೂ ಮೀರಿದ್ದು ಬೇಕು. ಬಯಲಿನಲ್ಲಿ, ಹತ್ತು ಕಿಲೋಮೀಟರಿನೊಳಗೆ, ನಮ್ಮ ಸೂತ್ರದ ಉತ್ತರ ಇಮ್ಮಡಿಯೋ ಅರ್ಧವೋ ಆಗಿರಬಹುದು ಎಂದೇ ತಿಳಿದು ಓದಿ. ದೂರ ಮತ್ತು ಹೊತ್ತಿನ ವಿಷಯದಲ್ಲಿ ಅದು ಹೇಳುವುದು ಅಂಕಿಗಿಂತ ಗಟ್ಟಿ.

ಹೊಲದಲ್ಲಿ ಮಾಡುವ ಕೆಲಸ ಸರಳ. ಶಾಲೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ಘಾಟು ಇದೆಯೋ ಇಲ್ಲವೋ, ಹೊಗೆ ಯಾವ ದಿಕ್ಕಿಗೆ ಹೋಗುತ್ತಿದೆ, ಹಾಸಿದಂತಿದೆಯೋ ಸುರುಳಿ ಸುತ್ತುತ್ತಿದೆಯೋ, ಇಷ್ಟನ್ನು ಬರೆಯಿರಿ. ಘಾಟು ಇಲ್ಲದ ದಿನವನ್ನೂ ಬರೆಯಬೇಕು. ಇಲ್ಲದಿದ್ದರೆ ಪುಸ್ತಕಕ್ಕೆ ಬೆಲೆಯಿಲ್ಲ. ಫೋಟೋ ತೆಗೆಯುವಾಗ ಚಿಮಣಿಯೂ ಊರಿನ ಗುರುತಿನ ಮರವೋ ಗೋಪುರವೋ ಒಟ್ಟಿಗೆ ಬರಲಿ.

ಆ ಹಳ್ಳಿಯಲ್ಲಿ ಆಮೇಲೆ ನಾವು ಮಾಡಿದ್ದು ಇಷ್ಟು. ಆಕೆಯ ಮಗ ಆರು ವಾರ ಪುಸ್ತಕ ಬರೆದ. ಘಾಟು ಬಂದದ್ದೆಲ್ಲ ತಿಳಿ ಆಕಾಶದ ರಾತ್ರಿಗಳ ಮರುದಿನ, ಏಳೂಮುಕ್ಕಾಲರಿಂದ ಎಂಟೂವರೆಯೊಳಗೆ. ಮೋಡವಿದ್ದ ರಾತ್ರಿಗಳ ಮರುದಿನ ಒಮ್ಮೆಯೂ ಇಲ್ಲ. ಆ ಪುಟಗಳನ್ನು ಇಟ್ಟು, 24 ಗಂಟೆಯ ಸರಾಸರಿ ಬೇಡ, ನಿಮಿಷ ನಿಮಿಷಕ್ಕೆ ಅಳೆಯುವ ಯಂತ್ರವನ್ನು ಕೊಟ್ಟಿಗೆಯ ಪಕ್ಕ ಬೆಳಗ್ಗೆ ಆರರಿಂದ ಹತ್ತರವರೆಗೆ ಇಡಿ ಎಂದು ಕೇಳಿದೆವು. ಯಂತ್ರ ಬಂತು. ಮೂರನೆಯ ಬೆಳಗ್ಗೆ ಏಳು ಐವತ್ತೆರಡಕ್ಕೆ ಗೆರೆ ಎದ್ದಿತು, ಎಂಟು ಇಪ್ಪತ್ತಕ್ಕೆ ಮಲಗಿತು. ಬಾಯ್ಲರನ್ನು ಚಳಿಗಾಲದಲ್ಲಿ ಬೆಳಗಿನ ಜಾವ ನಾಲ್ಕರಿಂದ ಒಂಬತ್ತರವರೆಗೆ ಕಡಿಮೆ ಲೋಡಿನಲ್ಲಿ ಓಡಿಸಿ, ಕಡಿಮೆ ಗಂಧಕದ ಕಲ್ಲಿದ್ದಲು ಹಾಕುವುದೆಂದು ಕಾರ್ಖಾನೆಯವರು ಬರೆದುಕೊಟ್ಟರು. ಮುಂದಿನ ಜನವರಿಯ ಪುಸ್ತಕವನ್ನೂ ಆ ಹುಡುಗನೇ ಬರೆಯುತ್ತಿದ್ದಾನೆ.